ಕಾಲು ಒತ್ತಿದರೆ ಗುಳಿ ಬೀಳುತ್ತಾ? ಮೊದಲು ಇನ್ನೊಂದು ಕಾಲನ್ನೂ ಒತ್ತಿ ನೋಡಿ

"ಡಾಕ್ಟ್ರೇ, ಕಾಲು ಒತ್ತಿದ್ರೆ ಗುಳಿ ಬೀಳ್ತದೆ. ಕಿಡ್ನಿ ಹೋಯ್ತಾ?"

ಶಿಡ್ಲಘಟ್ಟದ ನನ್ನ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಈಗೀಗ ಪ್ರಶ್ನೆಯ ಜೊತೆ ಫೋಟೋನೂ ಬರುತ್ತದೆ. ರಾತ್ರಿ ಒಂಬತ್ತಕ್ಕೆ ತೆಗೆದ ಒಂದು ಕಾಲಿನ ಫೋಟೋ, ಅದರಲ್ಲಿ ಹೆಬ್ಬೆರಳಿನ ಗುರುತು. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಒಂದು ಕಾಲಾ, ಎರಡೂ ಕಾಲಾ? ಎಷ್ಟು ದಿನದಿಂದ? ಯಾವ ಮಾತ್ರೆ ತಗೋತಿದ್ದೀರಿ? ವಿಚಿತ್ರ ಅಂದರೆ, ಮೊದಲನೇ ಪ್ರಶ್ನೆಗೇ ಸುಮಾರು ಜನ ತಡವರಿಸುತ್ತಾರೆ. ನೋವಿರುವ ಕಾಲನ್ನು ಹತ್ತು ಸಲ ಒತ್ತಿರುತ್ತಾರೆ, ಇನ್ನೊಂದನ್ನು ಮುಟ್ಟಿಯೇ ಇರುವುದಿಲ್ಲ.

ಆದ್ದರಿಂದ ಈ ಬರಹ. ಮನೆಯಲ್ಲೇ ಕಾಲು ಹೇಗೆ ಒತ್ತಿ ನೋಡಬೇಕು, ಹೇಗೆ ಅಳೆಯಬೇಕು, ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಹೇಳುತ್ತೇನೆ. ರೋಗ ಯಾವುದು ಅಂತ ಇದರಿಂದ ತೀರ್ಮಾನ ಆಗುವುದಿಲ್ಲ. ಆಸ್ಪತ್ರೆಗೆ ಈ ರಾತ್ರಿಯೇ ಹೋಗಬೇಕಾ, ಈ ವಾರ ಹೋದರೆ ಸಾಕಾ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅಷ್ಟು ಗೊತ್ತಾದರೂ ಸಣ್ಣ ವಿಷಯ ಅಲ್ಲ.

ಗುಳಿ ಯಾಕೆ ಬೀಳುತ್ತದೆ

ನಮ್ಮ ಸಣ್ಣ ಸಣ್ಣ ರಕ್ತನಾಳಗಳಿಂದ ನೀರು ಸದಾ ಸ್ವಲ್ಪ ಹೊರಗೆ ಜಿನುಗುತ್ತಲೇ ಇರುತ್ತದೆ. ಹಾಗೆ ಜಿನುಗಿದ ನೀರನ್ನು ದುಗ್ಧನಾಳ ಎಂಬ ತೆಳು ನಾಳಗಳು ಎಳೆದುಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಮೈಯೊಳಗಿನ ಚರಂಡಿ ಅಂದುಕೊಳ್ಳಿ. ಜಿನುಗುವುದು ಜಾಸ್ತಿಯಾದರೆ, ಇಲ್ಲವೇ ಚರಂಡಿ ಕಟ್ಟಿಕೊಂಡರೆ, ಚರ್ಮದ ಕೆಳಗೆ ನೀರು ನಿಲ್ಲುತ್ತದೆ. ಒತ್ತಿದಾಗ ಆ ನೀರು ಪಕ್ಕಕ್ಕೆ ಸರಿಯುತ್ತದೆ. ಬೆರಳು ತೆಗೆದ ಮೇಲೆ ವಾಪಸ್ ಬರಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಕಾಣುವುದೇ ಗುಳಿ.

ಜಿನುಗುವುದು ಯಾಕೆ ಜಾಸ್ತಿಯಾಗುತ್ತದೆ? ಹೃದಯ ಸೋತು ರಕ್ತ ಹಿಂದಕ್ಕೆ ನಿಂತರೆ ಕಾಲಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಒಂದು ಕಾಲಿನ ರಕ್ತನಾಳಕ್ಕೆ ರಕ್ತದ ಗಡ್ಡೆ ಅಡ್ಡ ಕೂತರೆ ಆ ಕಾಲಿನಲ್ಲಿ ಮಾತ್ರ ಒತ್ತಡ ಏರುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ, ನೀರನ್ನು ನಾಳದೊಳಗೆ ಹಿಡಿದಿಡುವ ಕೆಲಸ ಅದರದ್ದು. ಕಿಡ್ನಿಯಿಂದ ಅದು ಸೋರಿಹೋದರೆ, ಅಥವಾ ಲಿವರ್ ಅದನ್ನು ತಯಾರಿಸದೇ ಹೋದರೆ, ಇಡೀ ಮೈಯಲ್ಲಿ ನೀರು ಜಿನುಗುತ್ತದೆ. ಕಾಲು ಎಲ್ಲಕ್ಕಿಂತ ಕೆಳಗಿರುವುದರಿಂದ ಮೊದಲು ಅಲ್ಲಿ ಕಾಣುತ್ತದೆ.

ಇಡೀ ಮೈಗೆ ಸಂಬಂಧಪಟ್ಟ ತೊಂದರೆ ಎರಡೂ ಕಾಲಿಗೆ ಬರುತ್ತದೆ, ಆ ಕಾಲಿನದೇ ತೊಂದರೆ ಆ ಕಾಲಿಗೆ ಮಾತ್ರ ಬರುತ್ತದೆ. ಒಂದೇ ಕಾಲಾ, ಎರಡಾ ಅಂತ ನಾನು ಪದೇ ಪದೇ ಕೇಳುವುದು ಇದಕ್ಕೇ.

ಏನೇನು ಬೇಕು

ಟೈಲರ್ ಟೇಪ್ ಒಂದು, ಬಾಲ್‌ಪೆನ್ ಒಂದು, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನ್, ಬರೆದುಕೊಳ್ಳಲು ಒಂದು ಹಾಳೆ. ಜೊತೆಗೆ ಮನೆಯಲ್ಲಿ ಆ ವ್ಯಕ್ತಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಅಂದರೆ ಮಾತ್ರೆ ಬರುವ ಸ್ಟ್ರಿಪ್. ಖಾಲಿ ಪಟ್ಟಿ ಆದರೂ ಸರಿ, ಎಸೆಯಬೇಡಿ.

ಹಂತ 1: ಹೊತ್ತು ನೋಡಿ, ಕಾಲು ಬರಿದು ಮಾಡಿ

ಒಂದೇ ದಿನ ಎರಡು ಸಲ ನೋಡಬೇಕು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಒಂದು ಸಲ, ಸಂಜೆ ಕೆಲಸ ಮುಗಿದ ಮೇಲೆ ಒಂದು ಸಲ. ರೇಷ್ಮೆ ರೀಲಿಂಗ್ ಯೂನಿಟ್ಟಿನಲ್ಲಿ, ಟೊಮೆಟೊ ಮಂಡಿಯಲ್ಲಿ, ಅಂಗಡಿಯಲ್ಲಿ ದಿನವಿಡೀ ನಿಂತವರಿಗೆ ಸಂಜೆ ಸ್ವಲ್ಪ ಊತ ಇರುವುದು ಅಪರೂಪ ಅಲ್ಲ. ಅದು ಬೆಳಿಗ್ಗೆಗೆ ಪೂರ್ತಿ ಇಳಿದಿದೆಯಾ ಅನ್ನುವುದು ಮುಖ್ಯ.

ಕಾಲ್ಚೀಲ, ಕಾಲ್ಗೆಜ್ಜೆ ತೆಗೆಯಿರಿ. ಕಾಲುಂಗುರವನ್ನೂ ಆಗಲೇ ತೆಗೆದುಬಿಡಿ. ಊತ ಏರಿದ ಮೇಲೆ ಸೋಪು ಹಾಕಿದರೂ ಬರುವುದಿಲ್ಲ. ಅದನ್ನು ಕತ್ತರಿಸಿ ತೆಗೆಯಬೇಕಾದ ಪ್ರಸಂಗ ನಮ್ಮಲ್ಲಿ ಆಗಿದೆ.

ಹಂತ 2: ಮುಟ್ಟುವ ಮೊದಲು ನೋಡಿ

ಎರಡೂ ಕಾಲು ಜೋಡಿಸಿ, ಮಂಡಿಯಿಂದ ಬೆರಳಿನ ತನಕ ಬೆಳಕಿನಲ್ಲಿ ನೋಡಿ. ಒಂದು ದಪ್ಪ, ಒಂದು ಸಣ್ಣ ಕಾಣುತ್ತಿದೆಯಾ? ಒಳಗಡೆ ಗೆಣ್ಣಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿದೆಯಾ? ಹುರಿಹುರಿಯಾಗಿ ಉಬ್ಬಿದ ನೀಲಿ ರಕ್ತನಾಳ ಇದೆಯಾ? ಹಿಮ್ಮಡಿ ಬಿರುಕು, ಬೆರಳ ಸಂದಿಯಲ್ಲಿ ಬೆಳ್ಳಗೆ ಕೊಳೆತ ಚರ್ಮ, ಮುಳ್ಳು ಚುಚ್ಚಿದ ಗಾಯ ಇದೆಯಾ? ಕೀವಿನ ಸೋಂಕು ಒಳಗೆ ಹೋಗುವ ದಾರಿಗಳು ಇವೇ.

ಹಂತ 3: ಒತ್ತಿ

ಮೂರು ಜಾಗ. ಪಾದದ ಮೇಲ್ಭಾಗ, ಒಳಗಡೆ ಗೆಣ್ಣಿನ ಹಿಂದೆ, ಮತ್ತು ಗೆಣ್ಣಿನಿಂದ ನಾಲ್ಕು ಬೆರಳು ಮೇಲೆ, ಕಾಲಿನ ಮುಂದುಗಡೆ ಕೈಗೆ ಸಿಗುವ ಗಟ್ಟಿ ಮೂಳೆಯ ಮೇಲೆ. ಕೆಳಗೆ ಮೂಳೆ ಇರಲೇಬೇಕು. ಹಿಂಬದಿಯ ಮೀನಖಂಡವನ್ನು ಒತ್ತಿ "ಗುಳಿ ಬೀಳಲಿಲ್ಲ" ಅನ್ನುವವರೇ ಜಾಸ್ತಿ. ಅಲ್ಲಿ ಮಾಂಸ ಇದೆ, ಗುಳಿ ಸರಿಯಾಗಿ ನಿಲ್ಲುವುದಿಲ್ಲ.

ಹೆಬ್ಬೆರಳಿನ ಮೆತ್ತನೆ ಭಾಗದಿಂದ ಒತ್ತಿ, ಉಗುರಿನಿಂದ ಅಲ್ಲ. ಉಗುರಿನ ಬುಡ ಸ್ವಲ್ಪ ಬೆಳ್ಳಗಾಗುವಷ್ಟು ಒತ್ತಿದರೆ ಸಾಕು. ಸುಮ್ನೆ ಮುಟ್ಟಿ ಬಿಟ್ಟರೆ ಆಗಲ್ಲ. ಕನಿಷ್ಠ 5 ಸೆಕೆಂಡ್, ಸಂಶಯ ಇದ್ದರೆ 10 ಸೆಕೆಂಡ್ ಹಿಡಿಯಿರಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವವರಿಗೆ ನೋವು ಗೊತ್ತಾಗುವುದಿಲ್ಲ, ಅವರನ್ನು ಮೆಲ್ಲಗೆ ಒತ್ತಿ. ಬೆರಳು ತೆಗೆದು, ಆ ಜಾಗದ ಮೇಲೆ ಬೆರಳನ್ನು ನವಿರಾಗಿ ಎಳೆಯಿರಿ. ಕಣ್ಣಿಗೆ ಕಾಣದ ಗುಳಿ ಬೆರಳಿಗೆ ಸಿಗುತ್ತದೆ.

ಎಷ್ಟು ಆಳ ಇದೆ, ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. ಡಾಕ್ಟರುಗಳು ಇದನ್ನು ಒಂದರಿಂದ ನಾಲ್ಕು ಪ್ಲಸ್ ಅಂತ ಬರೆಯುತ್ತಾರೆ. 2 ಮಿ.ಮೀ. ಆಳ, ತಕ್ಷಣ ತುಂಬಿದರೆ ಒಂದು ಪ್ಲಸ್. 8 ಮಿ.ಮೀ. ಆಳ, ತುಂಬಲು ಎರಡು ಮೂರು ನಿಮಿಷ ಹಿಡಿದರೆ ನಾಲ್ಕು ಪ್ಲಸ್. ಮನೆಯಲ್ಲಿ ಅಷ್ಟು ನಿಖರ ಬೇಕಿಲ್ಲ. ಎರಡೂ ಕಾಲನ್ನು ಒಂದೇ ಬೆರಳಿನಿಂದ, ಒಂದೇ ಜಾಗದಲ್ಲಿ, ಅಷ್ಟೇ ಹೊತ್ತು ಒತ್ತಿದಿರಾ ಅನ್ನುವುದೇ ಮುಖ್ಯ.

ಹಾಸಿಗೆ ಹಿಡಿದ ಅಜ್ಜ ಅಜ್ಜಿ ಇದ್ದರೆ ಇನ್ನೊಂದು ಮಾತು. ಮಲಗೇ ಇರುವವರಿಗೆ ನೀರು ಕಾಲಿಗೆ ಇಳಿಯುವುದಿಲ್ಲ, ಬೆನ್ನಿನ ಕೆಳಭಾಗಕ್ಕೆ, ಸೊಂಟದ ಹಿಂದಿನ ಮೂಳೆಯ ಮೇಲೆ ಸೇರುತ್ತದೆ. "ಕಾಲು ಚೆನ್ನಾಗಿದೆ, ಊತ ಇಲ್ಲ" ಅಂತ ನೆಮ್ಮದಿಯಾಗಬೇಡಿ. ಪಕ್ಕಕ್ಕೆ ಹೊರಳಿಸಿ ಅಲ್ಲೂ ಒತ್ತಿ ನೋಡಿ.

ಹಂತ 4: ಅಳೆಯಿರಿ

ಇದನ್ನು ಬಹಳ ಜನ ಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ.

ಮಂಡಿ ಚಿಪ್ಪಿನ ಕೆಳಗೆ, ಮುಂದುಗಡೆ ಮೂಳೆಯ ಮೇಲೆ ಒಂದು ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ ನೇರ ಕೆಳಗೆ 10 ಸೆಂ.ಮೀ. ಅಳೆದು ಪೆನ್ನಿನಿಂದ ಗುರುತು ಹಾಕಿ. ಎರಡೂ ಕಾಲಿಗೆ ಹಾಕಿ. ಆ ಗುರುತಿನ ಮೇಲೆ ಟೇಪ್ ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಟೇಪ್ ಚರ್ಮಕ್ಕೆ ತಾಗಿರಲಿ, ಬಿಗಿಯಬೇಡಿ. ಒಂದು ಸೆಂ.ಮೀ. ಹೆಚ್ಚುಕಮ್ಮಿ ಆರೋಗ್ಯವಂತರಲ್ಲೂ ಇರುತ್ತದೆ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಇರಬಹುದಾ ಅಂತ ಅಂದಾಜು ಮಾಡಲು ಡಾಕ್ಟರುಗಳು ಒಂದು ಅಂಕಪಟ್ಟಿ ಬಳಸುತ್ತಾರೆ. ಅದರಲ್ಲಿ ಎರಡು ಮೀನಖಂಡಗಳ ವ್ಯತ್ಯಾಸ 3 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಒಂದು ಅಂಕ. ಮನೆಯಲ್ಲೂ ಅದೇ ಗೆರೆ ಇಟ್ಟುಕೊಳ್ಳಿ.

ಹಂತ 5: ಬಿಸಿ ನೋಡಿ

ಅಂಗೈಯಿಂದ ಅಲ್ಲ, ಕೈಯ ಹಿಂಬದಿಯಿಂದ. ಎರಡೂ ಕಾಲಿನ ಒಂದೇ ಜಾಗ ಮುಟ್ಟಿ. ಪುಸ್ತಕಗಳಲ್ಲಿ "ಕೆಂಪಗಾಗುತ್ತದೆ" ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಕಪ್ಪು ಮಿಶ್ರಿತ ನೇರಳೆಯಂತೆ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಆದ್ದರಿಂದ ಬಣ್ಣಕ್ಕಿಂತ ಬಿಸಿಯನ್ನು ನಂಬಿ.

ಎರಡೂ ಕಾಲು ಊದಿದ್ದರೆ

ಒಂದೇ ಸಮ ಊದಿ, ಗುಳಿ ಬಿದ್ದು, ನಿಧಾನವಾಗಿ ವಾರಗಟ್ಟಲೆಯಲ್ಲಿ ಬಂದಿದ್ದರೆ, ಮೊದಲು ಮಾತ್ರೆ ಪಟ್ಟಿ ತಿರುಗಿಸಿ ನೋಡಿ. ಅಮ್ಲೊಡಿಪಿನ್ ಅಂತ ಇದೆಯಾ? ಬಿ.ಪಿ.ಗೆ ಬಹಳ ಬರೆಯುವ, ಅಗ್ಗದ, ಒಳ್ಳೆಯ ಮಾತ್ರೆ ಅದು. ಆದರೆ ಅದಕ್ಕೊಂದು ಗುಣ ಇದೆ. ರಕ್ತ ತರುವ ಸಣ್ಣ ನಾಳಗಳನ್ನು ಅಗಲ ಮಾಡುತ್ತದೆ, ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಅಗಲ ಮಾಡುವುದಿಲ್ಲ. ಒಳಹರಿವು ಜಾಸ್ತಿ, ಹೊರಹರಿವು ಅಷ್ಟೇ. ಹಾಗಾಗಿ ನೀರು ಜಿನುಗುತ್ತದೆ. 5 ಮಿ.ಗ್ರಾಂ.ಗಿಂತ 10 ಮಿ.ಗ್ರಾಂ. ತಗೊಳ್ಳುವವರಲ್ಲಿ ಇದು ಜಾಸ್ತಿ. ಕಿಡ್ನಿಗೂ ಇದಕ್ಕೂ ಸಂಬಂಧ ಇಲ್ಲ. ಜೋಡಿ ಮಾತ್ರೆಗಳಲ್ಲಿ ಇದು ಅಡಗಿರುತ್ತದೆ. ಹೆಸರಿನ ಕೊನೆಯಲ್ಲಿ "ಎಎಂ" ಅಂತ ಇದ್ದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್‌ನಂಥ ಮಾತ್ರೆ, ಸಕ್ಕರೆಗೆ ಕೊಡುವ ಪಯೊಗ್ಲಿಟಜೋನ್, ನರದ ಉರಿಗೆ ಕೊಡುವ ಪ್ರಿಗ್ಯಾಬಲಿನ್, ಸ್ಟೀರಾಯ್ಡ್, ಇವೂ ಊತ ತರುತ್ತವೆ.

ಮಾತ್ರೆಯ ಕಾರಣ ಇಲ್ಲದಿದ್ದರೆ ಕಾಲು ಬಿಟ್ಟು ಮೈಯ ಉಳಿದ ಕಡೆ ನೋಡಬೇಕು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿ, ಮೂತ್ರದಲ್ಲಿ ನೊರೆ ಬಂದು ಬೇಗ ಹೋಗದೆ ನಿಂತರೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿರಬಹುದು. ನಡೆದರೆ ಏದುಸಿರು, ಚಪ್ಪಟೆಯಾಗಿ ಮಲಗಲು ಆಗದೆ ಎರಡು ಮೂರು ದಿಂಬು ಬೇಕಾಗುವುದು, ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದು, ಇವು ಹೃದಯದ ಕಡೆ ಬೆರಳು ತೋರಿಸುತ್ತವೆ. ಕಾಲಿಗಿಂತ ಮೊದಲು ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿದ್ದರೆ ಲಿವರ್. ಇದು ಕುಡಿಯುವವರಲ್ಲಿ ಜಾಸ್ತಿ, ಕುಡಿಯದವರಲ್ಲೂ ಉಂಟು. ಇದ್ಯಾವುದೂ ಇಲ್ಲದೆ, ವರ್ಷಗಟ್ಟಲೆ ಸಂಜೆ ಊದಿ ಬೆಳಿಗ್ಗೆ ಇಳಿಯುತ್ತಿದ್ದು, ಗೆಣ್ಣಿನ ಒಳಬದಿ ಕಂದು ಕಲೆ ಇದ್ದರೆ, ಕಾಲಿನ ರಕ್ತನಾಳಗಳ ಕವಾಟ ಸಡಿಲವಾಗಿರುವ ಸಾಧ್ಯತೆ ಹೆಚ್ಚು.

ಇವನ್ನು ಬೇರೆ ಮಾಡಲು ಮೊದಲ ಸುತ್ತಿನಲ್ಲಿ ದುಬಾರಿ ಪರೀಕ್ಷೆ ಬೇಕಿಲ್ಲ. ಮೂತ್ರದಲ್ಲಿ ಪ್ರೋಟೀನ್, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್, ಆಲ್ಬುಮಿನ್, ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಇಸಿಜಿ. ಅದರಲ್ಲಿ ಏನಾದರೂ ಸಿಕ್ಕರೆ ಮುಂದಿನದು.

ಗರ್ಭಿಣಿಯರಿಗೆ ಪಾದ ಊದುವುದು ಮಾಮೂಲು. ಆದರೆ ಐದು ತಿಂಗಳು ಕಳೆದ ಮೇಲೆ ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ, ಅವತ್ತೇ ಬಿ.ಪಿ. ನೋಡಿಸಿ. 140/90 ಅಥವಾ ಅದಕ್ಕಿಂತ ಮೇಲಿದ್ದರೆ "ಬಸುರಿಗೆ ಹೀಗೇ" ಅಂತ ಮನೆಗೆ ವಾಪಸ್ ಬರಬೇಡಿ, ಆಸ್ಪತ್ರೆಯಲ್ಲೇ ತೋರಿಸಿ.

ಒಂದೇ ಕಾಲು ಊದಿದ್ದರೆ

ಇಲ್ಲಿ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಎರಡು ಮೂರು ದಿನದಲ್ಲಿ ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ, ಬೇರೆ ಅಂತ ಸಾಬೀತಾಗುವ ತನಕ ಅದನ್ನು ರಕ್ತದ ಗಡ್ಡೆ ಅಂತಲೇ ನೋಡಬೇಕು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇದು. ಡಾಕ್ಟರುಗಳು ಡಿವಿಟಿ ಅನ್ನುತ್ತಾರೆ. ಅದರ ಒಂದು ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇತ್ತೀಚೆಗೆ ಆಪರೇಷನ್ ಆದವರು, ಕಾಲಿಗೆ ಪ್ಲಾಸ್ಟರ್ ಪಟ್ಟು ಹಾಕಿಸಿಕೊಂಡವರು, ಮೂರು ದಿನಕ್ಕಿಂತ ಹೆಚ್ಚು ಹಾಸಿಗೆಯಲ್ಲಿದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು ಹೆಚ್ಚು ಹುಷಾರಾಗಿರಬೇಕು. ಬಸುರಿಯರಲ್ಲಿ ಈ ಗಡ್ಡೆ ಎಡಗಾಲಿಗೇ ಜಾಸ್ತಿ ಬರುತ್ತದೆ. ಹೊಟ್ಟೆಯೊಳಗೆ ಎಡಗಾಲಿನ ರಕ್ತನಾಳದ ಮೇಲೆ ಬಲಗಡೆಯ ಒಂದು ದೊಡ್ಡ ರಕ್ತನಾಳ ಹಾದುಹೋಗಿ ಅದನ್ನು ಅದುಮುತ್ತದೆ.

ಜ್ವರ, ನಡುಕ, ಬಿಸಿ, ಮುಟ್ಟಿದರೆ ಉರಿ, ದಿನದಿಂದ ದಿನಕ್ಕೆ ಮೇಲಕ್ಕೆ ಹರಡುವ ಊತ ಇದ್ದರೆ ಚರ್ಮದ ಕೆಳಗಿನ ಸೋಂಕು ಇರಬಹುದು. ಬರಿಗಾಲಲ್ಲಿ ಹೊಲಕ್ಕೆ ಇಳಿಯುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ತುಂಬ ನೋಡುತ್ತೇನೆ. ಇದಕ್ಕೂ ಕಾಯುವಂತಿಲ್ಲ.

ತಿಂಗಳುಗಟ್ಟಲೆಯಿಂದ ಒಂದೇ ಕಾಲು ಊದಿ, ಒತ್ತಿದರೂ ಗುಳಿ ಬೀಳದೆ ಗಟ್ಟಿಯಾಗಿದ್ದರೆ ಅದು ಚರಂಡಿಯ ತೊಂದರೆ. ಎರಡನೇ ಕಾಲ್ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿ. ಎತ್ತಲು ಬಾರದಿದ್ದರೆ ದುಗ್ಧನಾಳ ಕಟ್ಟಿದೆ ಅಂತ ಲೆಕ್ಕ. ಶುರುವಿನಲ್ಲಿ ಇದರಲ್ಲೂ ಗುಳಿ ಬೀಳುತ್ತದೆ, ಗಟ್ಟಿಯಾಗುವುದು ಆಮೇಲೆ. ಆನೆಕಾಲು ರೋಗ ಅಂತ ಎಲ್ಲರೂ ಹೆದರುತ್ತಾರೆ. ರಾಜ್ಯದಲ್ಲಿ ಅದರ ನೆಲೆ ಕಲಬುರಗಿ, ಬೀದರ್, ರಾಯಚೂರು ಕಡೆ ಮತ್ತು ಕರಾವಳಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಕಾರಣ ಹುಡುಕುವುದು ಮೊದಲು. ಕಿಬ್ಬೊಟ್ಟೆಯೊಳಗೆ ಬೆಳೆದ ಗೆಡ್ಡೆ ಕೂಡ ಆ ಕಾರಣಗಳಲ್ಲಿ ಒಂದು, ಆದ್ದರಿಂದ ಸ್ಕ್ಯಾನಿಂಗ್ ಹೇಳಿದರೆ ತಪ್ಪಿಸಬೇಡಿ.

ಇನ್ನು ಫ್ಲೋರೈಡ್ ನೀರು. ಪಾವಗಡ, ಬಾಗೇಪಲ್ಲಿ ಕಡೆಯವರು ಕಾಲಿನ ಎಲ್ಲ ತೊಂದರೆಯನ್ನೂ ಅದರ ತಲೆಗೆ ಕಟ್ಟುತ್ತಾರೆ. ಆ ನೀರು ಮೂಳೆ, ಕೀಲು ಬಿಗಿಯುವಂತೆ ಮಾಡುತ್ತದೆ ನಿಜ. ಒತ್ತಿದರೆ ಗುಳಿ ಬೀಳುವುದು ಅದರ ಲಕ್ಷಣ ಅಲ್ಲ.

ಎರಡೂ ಊದಿವೆ, ಆದರೆ ಸಮ ಇಲ್ಲ

ಅತಿ ಹೆಚ್ಚು ಎಡವುವುದು ಇಲ್ಲಿ. ಒಬ್ಬರ ಲೆಕ್ಕ ಇಡುತ್ತೇನೆ, ನೋಡಿ.

58 ವರ್ಷದ ಹೆಂಗಸು, ರೀಲಿಂಗ್ ಕೆಲಸ, ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು. ಎರಡೂ ಪಾದ ಊದಿವೆ ಅಂತ ಬಂದರು. ಒತ್ತಿದರೆ ಎರಡೂ ಕಡೆ ಸುಮಾರು 4 ಮಿ.ಮೀ. ಗುಳಿ. ಮೀನಖಂಡ ಬಲಗಾಲು 33 ಸೆಂ.ಮೀ., ಎಡಗಾಲು 33.5. ಬಿಸಿ ಇಲ್ಲ, ನೋವಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಕ್ರಿಯಾಟಿನಿನ್ 0.8, ಆಲ್ಬುಮಿನ್ 4.1, ಎರಡೂ ಸರಿ, ಇಸಿಜಿಯೂ ಸರಿ. ಮಾತ್ರೆ ಪಟ್ಟಿ ನೋಡಿದರೆ, ಎರಡು ತಿಂಗಳ ಹಿಂದೆ ಅಮ್ಲೊಡಿಪಿನ್ 5ರಿಂದ 10ಕ್ಕೆ ಏರಿತ್ತು. ಅದನ್ನು 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್ ಸೇರಿಸಿದೆ. ಈ ಜೋಡಿ ಬಿ.ಪಿ.ಯನ್ನೂ ಹಿಡಿಯುತ್ತದೆ, ಊತವನ್ನೂ ಕಡಿಮೆ ಮಾಡುತ್ತದೆ. ಮೂರು ವಾರದಲ್ಲಿ ಕಾಲು 32 ಮತ್ತು 32.5ಕ್ಕೆ ಬಂತು. ಸಂಜೆ ಹೊತ್ತು ಸ್ವಲ್ಪ ಗುಳಿ ಉಳಿಯಿತು, ಅಷ್ಟೇ.

ಎರಡು ತಿಂಗಳ ನಂತರ ಮೆಟ್ಟಿಲಲ್ಲಿ ಜಾರಿ ಎಡಪಾದದ ಮೂಳೆ ಬಿರುಕು ಬಿಟ್ಟಿತು. ಮಂಡಿಯ ಕೆಳಗಿನವರೆಗೆ ಮೂರು ವಾರ ಪಟ್ಟು. ಬಿಚ್ಚಿದ ಮೇಲೆ ಎಡಗಾಲು ಊದಿತು. ಪಟ್ಟು ಬಿಚ್ಚಿದ ಕಾಲು ಸ್ವಲ್ಪ ಊದುವುದು ಸಹಜವೇ. ಜೊತೆಗೆ ಇವರಿಗೆ ಮೊದಲಿಂದಲೂ ಊತ ಇತ್ತಲ್ವಾ? ಮನೆಯವರು "ಅದೇ ಹಳೇದು" ಅಂದುಕೊಂಡರು. ನಾಲ್ಕನೇ ದಿನ ಮೀನಖಂಡ ನೋಯತೊಡಗಿತು. ಉಳುಕು ಇರಬೇಕು ಅಂತ, ಉಳುಕು ತೆಗೆಯುವವರಿಗೆ ಹೇಳಿಕಳಿಸಿ ಎಣ್ಣೆಯೂ ಬಿಸಿಯಾಗುತ್ತಿತ್ತು.

ಅವರ ಸೊಸೆ ಟೇಪ್ ತಂದಳು. ಹಿಂದಿನ ಅಳತೆ ಹಾಳೆಯಲ್ಲಿ ಇತ್ತು. ಬಲಗಾಲು 32, ಹಾಗೇ ಇದೆ. ಎಡಗಾಲು 36. ಕೈಯ ಹಿಂಬದಿ ಇಟ್ಟರೆ ಎಡಗಡೆ ಬೆಚ್ಚಗೆ. ಗುಳಿ ಎರಡೂ ಕಡೆ ಬೀಳುತ್ತಿತ್ತು, ಆದರೆ ಎಡಗಡೆ ಬಹಳ ಆಳ. "ಅತ್ತೆ, ಎಣ್ಣೆ ಬೇಡ, ಇದು ಹಳೇದಲ್ಲ" ಅಂದು ನನಗೆ ಫೋನ್ ಮಾಡಿದಳು. ಅವತ್ತು ಶನಿವಾರ ಸಂಜೆ, ಸೋಮವಾರದ ತನಕ ಕಾಯಬೇಡಿ ಅಂದೆ. ಡಾಪ್ಲರ್ ಮಾಡಿಸಿದರು. ರಕ್ತನಾಳದಲ್ಲಿ ಹರಿವು ನೋಡುವ ಸ್ಕ್ಯಾನಿಂಗ್ ಅದು. ಮಂಡಿಯ ಹಿಂದಿನಿಂದ ತೊಡೆಯ ತನಕ ಗಡ್ಡೆ ಇತ್ತು. ಅವತ್ತೇ ರಕ್ತ ತಿಳಿಯಾಗಿಸುವ ಔಷಧ ಶುರುವಾಯಿತು. ಇದನ್ನು ಕನಿಷ್ಠ ಮೂರು ತಿಂಗಳು ತಗೋಬೇಕು, ನೋವು ಹೋಯಿತು ಅಂತ ನಡುವೆ ಬಿಡುವಂತಿಲ್ಲ.

ಹಳೆಯ ಊತದ ಮೇಲೆ ಹೊಸ ಊತ ಬಂದು ಕೂರಬಹುದು. ಎರಡೂ ಕಾಲಿನ ವ್ಯತ್ಯಾಸ 3 ಸೆಂ.ಮೀ. ದಾಟಿದರೆ, ಅಥವಾ ಒಂದು ಕಾಲು ಮಾತ್ರ ದಿಢೀರ್ ಏರಿದರೆ, ಅದನ್ನು ಒಂದೇ ಕಾಲಿನ ಊತ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ಹಾಗಂತ ವ್ಯತ್ಯಾಸ ಕಡಿಮೆ ಇದೆ ಅಂದರೆ ಗಡ್ಡೆ ಇಲ್ಲವೇ ಇಲ್ಲ ಅಂತಲ್ಲ. ನೋವು ಹೊಸದಾಗಿದ್ದು, ಪಟ್ಟು, ಆಪರೇಷನ್, ಹೆರಿಗೆ ಯಾವುದಾದರೂ ಇತ್ತೀಚೆಗೆ ಆಗಿದ್ದರೆ ಟೇಪ್ ಏನೇ ಹೇಳಲಿ, ತೋರಿಸಿ.

ಮಾಡಬಾರದ ಕೆಲಸಗಳು

ಹೊಸದಾಗಿ ಊದಿದ ಒಂದು ಕಾಲನ್ನು ತಿಕ್ಕಬೇಡಿ, ನೀವಬೇಡಿ. ಉಳುಕು ತೆಗೆಸುವುದು, ಬಿಸಿ ಎಣ್ಣೆ, ಜಗ್ಗಿ ಕಟ್ಟುವುದು, ಎಲ್ಲ ಡಾಪ್ಲರ್ ಆದ ಮೇಲೆ ಬೇಕಿದ್ದರೆ ಮಾತಾಡೋಣ. ಗಡ್ಡೆ ಇದ್ದರೆ ತಿಕ್ಕಿದಾಗ ಕಿತ್ತು ಹೋಗಬಹುದು.

ನೀರಿಳಿಸುವ ಮಾತ್ರೆಯನ್ನು ಪಕ್ಕದ ಮನೆಯವರ ಚೀಟಿ ತೋರಿಸಿ ತರಬೇಡಿ. ಹೃದಯದ ಊತಕ್ಕೆ ಅದು ಒಳ್ಳೆಯ ಮದ್ದು. ಅಮ್ಲೊಡಿಪಿನ್ ಊತಕ್ಕೆ ಅದರಿಂದ ಹೆಚ್ಚೇನೂ ಆಗಲ್ಲ. ಮೈಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ತಲೆಸುತ್ತಿ ಬೀಳುತ್ತೀರಿ. ಹಾಗೇ ಬಿ.ಪಿ. ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ. ಕಾಲು ಇಳಿಯುತ್ತದೆ, ಬಿ.ಪಿ. ಏರುತ್ತದೆ. ಬದಲಿ ಬರೆಸಿಕೊಂಡು ಆಮೇಲೆ ನಿಲ್ಲಿಸಿ.

ಬಾರ್ಲಿ ನೀರು ಕುಡಿದರೆ ಊತ ಇಳಿಯುತ್ತದೆ ಅಂತ ದಿನಕ್ಕೆ ಎರಡು ಮೂರು ಲೀಟರ್ ಕುಡಿಯುವವರಿದ್ದಾರೆ. ಹೃದಯ ಸೋತವರಿಗೆ ಅಷ್ಟು ನೀರೇ ಹೊರೆ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಇನ್ನೂ ಅಪಾಯ, ಅದರಲ್ಲಿ ಪೊಟ್ಯಾಸಿಯಂ ತುಂಬ ಇದೆ. ನಿಜವಾಗಿ ಕಡಿಮೆ ಮಾಡಬೇಕಾದದ್ದು ಉಪ್ಪು. ಮುದ್ದೆಯಲ್ಲಿ ಉಪ್ಪು ಇರದೆ ಇರಬಹುದು, ಜೊತೆಗಿನ ಉಪ್ಪೆಸರು, ಉಪ್ಪಿನಕಾಯಿ, ಹಪ್ಪಳದಲ್ಲಿ ಇದೆ.

ಬಿಗಿ ಕಾಲ್ಚೀಲವನ್ನು ಡಾಕ್ಟರ್ ಹೇಳದೆ ಹಾಕಬೇಡಿ. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಪಾದಕ್ಕೆ ರಕ್ತ ಹರಿಯುವುದೇ ಕಡಿಮೆ ಇರಬಹುದು. ಆಗ ಬಿಗಿದರೆ ಬೆರಳು ಕಪ್ಪಾಗುತ್ತದೆ. ಮೊದಲು ಪಾದದ ನಾಡಿ ನೋಡಿಸಿ.

ಎರಡೂ ಕಾಲಿನ ಮಾಮೂಲು ಸಂಜೆ ಊತಕ್ಕೆ ಕಾಲು ಎತ್ತರದಲ್ಲಿಡಿ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲ್ ಮೇಲೆ ಇಟ್ಟರೆ ಪೂರ್ತಿ ಉಪಯೋಗ ಇಲ್ಲ. ಮಲಗಿ, ಕಾಲು ಎದೆಗಿಂತ ಮೇಲೆ ಬರುವಂತೆ ಎರಡು ದಿಂಬು ಇಟ್ಟು, ಅರ್ಧ ಗಂಟೆ ಇರಬೇಕು. ಮಲಗಿದರೆ ಉಸಿರು ಕಟ್ಟುವವರು ಇದನ್ನು ಮಾಡಬಾರದು.

ಯಾವಾಗ ಹೊರಡಬೇಕು

ತಕ್ಷಣ, 108ಕ್ಕೆ ಫೋನ್: ಕಾಲು ಊದಿರುವಾಗ ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದರೆ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ತಲೆ ತಿರುಗಿ ಬೀಳುವುದು. ಹಾವು ಕಚ್ಚಿ ಕಾಲು ಊದಿದ್ದರೂ ಇದೇ, ಅಳತೆ ಮಾಡುತ್ತ ಕೂರಬೇಡಿ.

ಅವತ್ತೇ: ಒಂದೇ ಕಾಲಿನ ಹೊಸ ಊತ, ಅಥವಾ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ. ಜ್ವರದ ಜೊತೆ ಬಿಸಿ ಊತ. ಡಾಪ್ಲರ್ ಎಲ್ಲ ತಾಲ್ಲೂಕು ಕೇಂದ್ರದಲ್ಲೂ ಸಿಗುವುದಿಲ್ಲ, ಸಿಕ್ಕರೂ ಮಾಡುವವರು ಆ ಹೊತ್ತಿಗೆ ಇರಲಿಕ್ಕಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ "ಕಾಲಿನ ವೀನಸ್ ಡಾಪ್ಲರ್ ಈಗ ಆಗುತ್ತಾ?" ಅಂತ ಕೇಳಿ. ಇಲ್ಲ ಅಂದರೆ ಅಲ್ಲಿ ಹೋಗಿ ಕಾಯದೆ ನೇರ ಜಿಲ್ಲಾ ಕೇಂದ್ರಕ್ಕೆ ಹೋಗಿ.

ಒಂದೆರಡು ದಿನದಲ್ಲಿ: ಎರಡೂ ಕಾಲು ಊದಿ, ಮೂರು ದಿನದಲ್ಲಿ ತೂಕ 2 ಕೆ.ಜಿ.ಗಿಂತ ಜಾಸ್ತಿ ಏರಿದ್ದರೆ. ಗುಳಿ ಕಾಣುವ ಹೊತ್ತಿಗೆ ಮೈಯಲ್ಲಿ ಲೀಟರ್‌ಗಟ್ಟಲೆ ನೀರು ಸೇರಿರುತ್ತದೆ, ತೂಕದ ಯಂತ್ರ ಅದನ್ನು ಮೊದಲೇ ಹೇಳುತ್ತದೆ. ಕಣ್ಣಿನ ಸುತ್ತ ಊತ, ನೊರೆ ಮೂತ್ರ, ಹೊಟ್ಟೆ ಉಬ್ಬರ ಇದ್ದವರೂ ಈ ಗುಂಪಿಗೇ.

ವಾರ ಎರಡು ವಾರದಲ್ಲಿ: ಎರಡೂ ಕಾಲು ಸಮ, ಬೇರೇನೂ ತೊಂದರೆ ಇಲ್ಲ, ಮಾತ್ರೆ ಮೇಲೆ ಸಂಶಯ.

ಹೋಗುವಾಗ ಆ ಹಾಳೆ ಜೊತೆಗಿರಲಿ. ತಾರೀಖು, ಬೆಳಿಗ್ಗೆಯ ಅಳತೆ, ಸಂಜೆಯ ಅಳತೆ, ಎಡ, ಬಲ, ಗುಳಿ ತುಂಬಿದ ಸೆಕೆಂಡು, ಇಷ್ಟು ಬರೆದಿದ್ದರೆ ಸಾಕು. ಮಾತ್ರೆ ಪಟ್ಟಿಗಳನ್ನು ಕವರಿನಲ್ಲಿ ಹಾಕಿಕೊಳ್ಳಿ. ಪೆನ್ನಿನ ಗುರುತನ್ನು ಸ್ನಾನದಲ್ಲಿ ಉಜ್ಜಿ ತೆಗೆಯಬೇಡಿ, ಡಾಕ್ಟರೂ ಅದೇ ಜಾಗದಲ್ಲಿ ಅಳೆಯಲಿ.